ಅಣಬೆಗೆ ಲೋಳೆ ಬರುವುದು ಯಾಕೆ, ತಡೆಯುವುದು ಹೇಗೆ?

ಪ್ರಶ್ನೆ: ಸರ್, ನಾವಿರೋದು ಬನಶಂಕರಿಯಲ್ಲಿ. ಶನಿವಾರ ಸಂಜೆ ಎರಡು ಪ್ಯಾಕೆಟ್ ಬಟನ್, ಒಂದು ಪ್ಯಾಕೆಟ್ ಆಯ್‌ಸ್ಟರ್ ತಂದೆ. ಮನೆಗೆ ಬಂದ ತಕ್ಷಣ ಉಪ್ಪು, ಅರಿಶಿನದ ನೀರಲ್ಲಿ ಚೆನ್ನಾಗಿ ತೊಳೆದು, ಏರ್‌ಟೈಟ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಟ್ಟೆ. ಮಂಗಳವಾರ ತೆಗೆದರೆ ಆಯ್‌ಸ್ಟರ್ ಪೂರ್ತಿ ಲೋಳೆ. ಬಟನ್ ಮೇಲೂ ಅಂಟಂಟು, ಕಂದು ಕಲೆ. ನಮ್ಮತ್ತೆ ಎಲ್ಲಾ ಎಸೆದುಬಿಟ್ಟರು. ಅಂಗಡಿಯವರು ಹಳೇದು ಕೊಟ್ಟರಾ, ನಾನು ಇಟ್ಟಿದ್ದೇ ತಪ್ಪಾ? ಅಂಟು ತೊಳೆದು ಅಡುಗೆಗೆ ಹಾಕಬಹುದಿತ್ತಾ?

ಉತ್ತರ: ನಿಮ್ಮತ್ತೆ ಮಾಡಿದ್ದು ಸರಿ. ಲೋಳೆ ಬಂದ ಅಣಬೆಯನ್ನು ತೊಳೆದು ಬಳಸುವ ಹಾಗಿಲ್ಲ. ಅಂಗಡಿಯವರು ಹಳೆಯದನ್ನೇ ಕೊಟ್ಟಿದ್ದರೋ ಏನೋ, ಈಗ ಹೇಳುವುದು ಕಷ್ಟ. ಆದರೆ ನೀವು ಬರೆದ ರೀತಿಯಲ್ಲಿ ಇಟ್ಟರೆ ಅವತ್ತು ಬೆಳಿಗ್ಗೆ ಕೊಯ್ದ ಅಣಬೆಯೂ ಮಂಗಳವಾರದ ಹೊತ್ತಿಗೆ ಹಾಗೇ ಆಗುತ್ತಿತ್ತು. ತೊಳೆದಿದ್ದರಿಂದ ತೊಂದರೆ ಇರಲಿಲ್ಲ. ತೊಳೆದು ಮುಚ್ಚಳ ಬಿಗಿದು ಎತ್ತಿಟ್ಟಿದ್ದೇ ತೊಂದರೆ.

ಆ ಡಬ್ಬಿಯೊಳಗೆ ಏನಾಯಿತು ಅಂತ ಮೊದಲು ನೋಡೋಣ. ಅದು ಅರ್ಥವಾದರೆ ಉಳಿದದ್ದನ್ನೆಲ್ಲ ನೀವೇ ಊಹಿಸಬಹುದು.

ಅಣಬೆಯಲ್ಲಿ ಸುಮಾರು ಶೇ. 90ರಷ್ಟು ನೀರೇ ಇರುತ್ತದೆ. ಟೊಮ್ಯಾಟೊ, ಬದನೆಕಾಯಿಗೆ ಇರುವಂಥ ಸಿಪ್ಪೆ ಇದಕ್ಕಿಲ್ಲ. ಹಾಗಾಗಿ ಒಳಗಿನ ನೀರು ಮೈಯಿಂದ ಸುಮ್ನೆ ಹೊರಗೆ ಹೋಗುತ್ತಲೇ ಇರುತ್ತದೆ. ಜೊತೆಗೆ ಕೊಯ್ದ ಮೇಲೂ ಅಣಬೆ ಜೋರಾಗಿ ಉಸಿರಾಡುತ್ತದೆ. ಹೆಚ್ಚಿನ ತರಕಾರಿಗಳಿಗಿಂತ ಇದರ ಉಸಿರಾಟ ಜಾಸ್ತಿ. ಉಸಿರಾಡಿದಷ್ಟೂ ಆಮ್ಲಜನಕ ಖರ್ಚಾಗುತ್ತದೆ, ಬಿಸಿ ಮತ್ತು ತೇವ ಹೊರಬರುತ್ತದೆ. ಬುಟ್ಟಿಯಲ್ಲಿ ತೆರೆದಿಟ್ಟರೆ ಆ ತೇವ ಗಾಳಿಗೆ ಸೇರಿ ಹೋಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅದಕ್ಕೆ ದಾರಿ ಇಲ್ಲ. ತಣ್ಣಗಿರುವ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ಮತ್ತೆ ಅಣಬೆಯ ಮೇಲೇ ಬೀಳುತ್ತದೆ.

ಈ ನೀರಿನ ತೆಳು ಪದರದಲ್ಲೇ ಲೋಳೆ ಹುಟ್ಟುವುದು. ಲೋಳೆ ಅಣಬೆಯ ರಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಬ್ಯಾಕ್ಟೀರಿಯಾದ ಬೆಳೆ. ಇದರಲ್ಲಿ ಮುಖ್ಯವಾದದ್ದು ಸ್ಯೂಡೋಮೊನಾಸ್ ಎಂಬ ಗುಂಪು. ಅಣಬೆ ಬೆಳೆಯುವ ಕೋಣೆಯಲ್ಲೇ ಇವು ಇರುತ್ತವೆ. ಅಣಬೆಯ ಮೈಮೇಲೆ ಒಂದಿಷ್ಟು ಬಂದೇ ಬರುತ್ತವೆ. ಮೈ ಒಣಗಿದ್ದರೆ ಇವುಗಳ ಆಟ ನಡೆಯುವುದಿಲ್ಲ. ಮೈ ಒದ್ದೆಯಾಗಿ ಕೆಲವು ಗಂಟೆ ಹಾಗೇ ಉಳಿದರೆ ವೇಗವಾಗಿ ಹೆಚ್ಚುತ್ತವೆ. ಬಟನ್ ಅಣಬೆ ಬೆಳೆಯುವವರು ನೀರು ಹಾಕಿದ ಮೇಲೆ ಫ್ಯಾನ್ ಹಾಕಿ ಅಣಬೆಯ ಮೈ ಬೇಗ ಆರುವಂತೆ ನೋಡಿಕೊಳ್ಳುವುದು ಇದಕ್ಕೇ. ಇಲ್ಲದಿದ್ದರೆ ಗಿಡದಲ್ಲಿರುವಾಗಲೇ ಕಂದು ಕಲೆ ಬೀಳುತ್ತದೆ. ಗಿಡ ಅನ್ನುವುದು ಮಾತಿಗೆ, ಅಣಬೆಗೆ ಗಿಡ ಎಲ್ಲಿದೆ!

ಫ್ರಿಜ್‌ನಲ್ಲಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಅಲ್ವಾ ಅಂತ ಕೇಳಬಹುದು. ಸ್ಯೂಡೋಮೊನಾಸ್‌ಗೆ ಚಳಿ ಅಂದರೆ ಅಷ್ಟೇನೂ ಭಯವಿಲ್ಲ. 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತವೆ. ನಮ್ಮ ಮನೆಗಳ ಫ್ರಿಜ್ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಅಂತ ಯೋಚಿಸಿ. ಒಳಗೆ 7, 8 ಡಿಗ್ರಿ ಇರುವುದು ಅಪರೂಪವೇನಲ್ಲ. ತಣ್ಣಗಿಡುವುದು ಬೇಕೇ ಬೇಕು. ಆದರೆ ಒದ್ದೆ ಅಣಬೆಯನ್ನು ತಣ್ಣಗಿಟ್ಟರೆ ಲೋಳೆ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ.

ಈಗ ನಿಮ್ಮ ಶನಿವಾರಕ್ಕೆ ಬರೋಣ. ತೊಳೆದು ಜರಡಿಯಲ್ಲಿ ಸೋಸಿದಾಗ ಬಟನ್‌ನ ಮೇಲ್ಭಾಗ ಒಣಗಿದಂತೆ ಕಂಡಿರಬಹುದು. ಆಯ್‌ಸ್ಟರ್‌ನ ಕೊಡೆಯ ಕೆಳಗಿರುವ ತೆಳು ಮಡಿಕೆಗಳ ಮಧ್ಯೆ ನೀರು ಹಾಗೇ ನಿಂತಿರುತ್ತದೆ. ಎಷ್ಟು ಸೋಸಿದರೂ ಅದು ಬರುವುದಿಲ್ಲ. ಉಪ್ಪು ಇನ್ನೊಂದು ಕೆಲಸ ಮಾಡಿತು. ಅಣಬೆಯ ಒಳಗಿನ ನೀರನ್ನೂ ಹೊರಗೆಳೆಯಿತು. ಅರಿಶಿನದಿಂದ ಬಣ್ಣ ಬಿಟ್ಟರೆ ಹೇಳಿಕೊಳ್ಳುವ ಲಾಭವಿಲ್ಲ. ಉಜ್ಜುವಾಗ ಕೊಡೆಗಳು ಅಲ್ಲಲ್ಲಿ ಜಜ್ಜಿರುತ್ತವೆ. ಜಜ್ಜಿದ ಕಡೆ ಬ್ಯಾಕ್ಟೀರಿಯಾಕ್ಕೆ ಸಲೀಸು. ಆಮೇಲೆ ಮುಚ್ಚಳ ಬಿಗಿಯಿತು. ಭಾನುವಾರ ಬೆಳಿಗ್ಗೆ ನೀವು ಡಬ್ಬಿಯನ್ನು ನೋಡಿದ್ದರೆ ಮುಚ್ಚಳದ ಒಳಗೆ ಹನಿಗಳು ಕಾಣುತ್ತಿದ್ದವು. ಸೋಮವಾರದ ಹೊತ್ತಿಗೆ ಡಬ್ಬಿಯ ತಳದಲ್ಲಿ ಒಂದೆರಡು ಚಮಚ ನೀರು ನಿಂತಿರುತ್ತಿತ್ತು. ಕೆಳಗಿನ ಅಣಬೆಗಳು ಅದರಲ್ಲೇ ಕುಳಿತಿದ್ದವು. ಆಯ್‌ಸ್ಟರ್ ಮೊದಲು ಹೋಯಿತು, ಅದರ ನೀರು ಬಟನ್‌ಗೂ ತಾಗಿತು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದಿರಿ ಅಂತ ನನ್ನ ಊಹೆ.

ಕೊಳ್ಳುವಾಗ

ಎರಡು ಅಣಬೆಗಳ ಹಿನ್ನೆಲೆ ಬೇರೆ ಬೇರೆ. ಹಾಗಾಗಿ ನೋಡುವ ರೀತಿಯೂ ಬೇರೆ.

ಬಟನ್‌ಗೆ ಚಳಿ ಬೇಕು. ಬೆಳೆ ಬರುವಾಗ 14ರಿಂದ 18 ಡಿಗ್ರಿ ಇರಬೇಕು. ಬೆಂಗಳೂರಿನ ಹವೆ ಎಷ್ಟೇ ಹಿತ ಅಂದರೂ ಅಷ್ಟು ತಂಪು ವರ್ಷಪೂರ್ತಿ ಸಿಗುವುದಿಲ್ಲ. ಎ.ಸಿ. ಕೋಣೆಗಳಲ್ಲಿ ಬೆಳೆಯಬೇಕು, ಇಲ್ಲವೇ ನೀಲಗಿರಿಯಂಥ ತಂಪು ಕಡೆಯಿಂದ ಬರಬೇಕು. ಅಲ್ಲಿಂದ ಕೋಲ್ಡ್ ಸ್ಟೋರೇಜ್, ವ್ಯಾನ್, ಅಂಗಡಿ ಅಂತ ಕೈ ಬದಲಾಗುತ್ತದೆ. ಆಯ್‌ಸ್ಟರ್‌ಗೆ, ಅಂದರೆ ನಮ್ಮ ಚಿಪ್ಪಣಬೆಗೆ, ಇಲ್ಲಿನ ಹವೆಯೇ ಸಾಕು. 20ರಿಂದ 28 ಡಿಗ್ರಿಯಲ್ಲಿ ಭತ್ತದ ಹುಲ್ಲಿನ ಮೇಲೆ ಚೆನ್ನಾಗಿ ಬರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದು, ಅಲ್ಲಿಂದಲೇ ಬೀಜ ತಂದು, ಮನೆಯ ಹಿಂದಿನ ಶೆಡ್‌ನಲ್ಲಿ ಚೀಲ ನೇತುಹಾಕಿ ಬೆಳೆಯುವವರು ಊರ ಸುತ್ತ ಇದ್ದಾರೆ. ಆದ್ದರಿಂದ ಆಯ್‌ಸ್ಟರ್ ಅವತ್ತೇ ಕೊಯ್ದದ್ದು ಸಿಗುವ ಸಾಧ್ಯತೆ ಇದೆ. ಬಟನ್‌ನಲ್ಲಿ ಅದು ಕಡಿಮೆ. ಬೆಳೆಯುವವರು ಹತ್ತಿರದಲ್ಲಿದ್ದರೆ ಯಾವ ದಿನ ಕೊಯ್ಯುತ್ತಾರೆ ಅಂತ ಕೇಳಿಕೊಳ್ಳಿ. ಪ್ಯಾಕೆಟ್ ಮೇಲಿನ ಯಾವ ದಿನಾಂಕಕ್ಕಿಂತಲೂ ಅದು ಉಪಯೋಗಕ್ಕೆ ಬರುತ್ತದೆ.

ಬಟನ್ ಪ್ಯಾಕೆಟ್ ಕೈಗೆತ್ತಿಕೊಂಡರೆ ಮೊದಲು ಮೇಲಿನ ಪ್ಲಾಸ್ಟಿಕ್ ಹಾಳೆ ನೋಡಿ. ಒಳಗಡೆ ತೆಳುವಾಗಿ ಮಂಜು ಹಿಡಿದಿದ್ದರೆ ಪರವಾಗಿಲ್ಲ. ದಪ್ಪ ಹನಿ ಇದ್ದು, ಪ್ಯಾಕೆಟ್ ಓರೆ ಮಾಡಿದರೆ ಹರಿದಾಡಿದರೆ ಬಿಟ್ಟುಬಿಡಿ. ಆ ಪ್ಯಾಕೆಟ್ ಎಲ್ಲೋ ಬಿಸಿಯಲ್ಲಿ ಕುಳಿತು, ಮತ್ತೆ ತಣ್ಣಗಾಗಿದೆ ಎಂದರ್ಥ. ಆಮೇಲೆ ತಿರುಗಿಸಿ ತಳ ನೋಡಿ. ಮೇಲ್ಸಾಲಿನಲ್ಲಿ ಚೆಂದದವನ್ನು ಜೋಡಿಸುವುದು ಎಲ್ಲ ವ್ಯಾಪಾರದಲ್ಲೂ ಇದ್ದದ್ದೇ. ತಳದ ಅಣಬೆ ಕಂದಾಗಿ ನೀರಲ್ಲಿ ಕುಳಿತಿದ್ದರೆ ಗೊತ್ತಾಗಿಬಿಡುತ್ತದೆ.

ಕೊಡೆಯ ಕೆಳಭಾಗ ಕಂಡರೆ ಇನ್ನೂ ಒಳ್ಳೆಯದು. ಎಳೆಯ ಬಟನ್‌ನಲ್ಲಿ ಕೊಡೆಗೂ ದಂಟಿಗೂ ಮಧ್ಯೆ ಬಿಳಿ ಪೊರೆಯೊಂದು ಬಿಗಿಯಾಗಿ ಮುಚ್ಚಿರುತ್ತದೆ. ದಿನ ಕಳೆದಂತೆ ಕೊಡೆ ಅರಳಿ ಪೊರೆ ಹರಿಯುತ್ತದೆ, ಒಳಗಿನ ಕಂದು ಮಡಿಕೆಗಳು ಕಾಣುತ್ತವೆ. ಪೊರೆ ಹರಿದ ಅಣಬೆ ಕೆಟ್ಟಿದ್ದೇನಲ್ಲ. ರುಚಿ ಸ್ವಲ್ಪ ಗಾಢವೇ ಇರುತ್ತದೆ. ಅವತ್ತೇ ಮಾಡುವುದಾದರೆ ಧಾರಾಳವಾಗಿ ತನ್ನಿ. ನಾಲ್ಕು ದಿನ ಇಡುವುದಕ್ಕೆ ಮಾತ್ರ ಬೇಡ.

ಬಿಳುಪಿನ ಬಗ್ಗೆ ಒಂದು ಮಾತು. ಹಾಲಿನಷ್ಟು ಬೆಳ್ಳಗೆ ಹೊಳೆಯುವ ಬಟನ್ ಅಂದರೆ ತಾಜಾ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗಿರಾಕಿಗೆ ಬಿಳುಪೇ ಬೇಕು ಅಂತ ಕೆಲವು ಬೆಳೆಗಾರರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೆರೆಸಿದ ನೀರಿನಲ್ಲಿ ತೊಳೆದು ಪ್ಯಾಕ್ ಮಾಡುತ್ತಾರೆ. ಇದು ಗುಟ್ಟಿನ ವಿಷಯವಲ್ಲ, ಹಳೆಯ ರೂಢಿ. ಆ ಬಿಳುಪು ಬೇಗ ಇಳಿಯುತ್ತದೆ. ತೊಳೆದ ತೇವ ಮಾತ್ರ ಪ್ಯಾಕೆಟ್‌ನಲ್ಲಿ ಉಳಿಯುತ್ತದೆ, ಕಲೆ ಬೇಗ ಬರುತ್ತದೆ. ಸಲ್ಫೈಟ್ ಆಗದ ಅಸ್ತಮಾ ರೋಗಿಗಳೂ ಇದ್ದಾರೆ. ನನ್ನ ಕೇಳಿದರೆ ಕೆನೆ ಬಣ್ಣದ, ದಂಟಿನ ಬುಡದಲ್ಲಿ ಚೂರು ಕಪ್ಪು ಪುಡಿ ಅಂಟಿಕೊಂಡ ಅಣಬೆಯೇ ಮೇಲು. ಅದು ತೊಳೆಯದ ಅಣಬೆ ಅನ್ನುವುದಕ್ಕೆ ಗುರುತು. ಆ ಪುಡಿ ಕಂಡು ಹೇಸಬೇಡಿ. ಅಣಬೆ ಏಳಲು ಮೇಲೆ ಹರಡುವ ತೆಂಗಿನ ನಾರಿನ ಪುಡಿ, ಕಳಿತ ಗೊಬ್ಬರದಂಥದ್ದು ಅದು. ಬಳಸುವ ಮುಂಚೆ ಅದನ್ನು ಸಾಮಾನ್ಯವಾಗಿ ಬಿಸಿ ಹಬೆಯಲ್ಲಿ ಶುದ್ಧ ಮಾಡಿರುತ್ತಾರೆ.

ಆಯ್‌ಸ್ಟರ್‌ನಲ್ಲಿ ಅಂಚು ನೋಡಬೇಕು. ತಾಜಾ ಕೊಡೆಯ ಅಂಚು ಕೆಳಮುಖವಾಗಿ ಸ್ವಲ್ಪ ಬಾಗಿರುತ್ತದೆ, ಮುಟ್ಟಿದರೆ ಮೆತ್ತಗೆ ಆದರೆ ಗಟ್ಟಿ. ಅಂಚು ಮೇಲಕ್ಕೆ ಸುರುಳಿ ಹೋಗಿ, ಒಣಗಿ ಬಿರುಕು ಬಿಟ್ಟಿದ್ದರೆ ಹಳೆಯದು, ಆದರೂ ತಿನ್ನಬಹುದು. ಅಂಚು ಹಳದಿಯಾಗಿ ಒದ್ದೆ ಒದ್ದೆ ಇದ್ದರೆ ಬೇಡ. ಗೊಂಚಲಿನ ಕೆಳಗಿನ ಕೊಡೆಗಳ ಮೇಲೆ ಮೈದಾ ಉದುರಿದ ಹಾಗೆ ಬಿಳಿ ಪುಡಿ ಇದ್ದರೆ ಅದು ಮೇಲಿನ ಕೊಡೆಯಿಂದ ಬಿದ್ದ ಬೀಜಕಣ. ಬುಡದಲ್ಲಿ ಹತ್ತಿಯಂಥ ಬಿಳಿ ನೂಲು ಕಂಡರೆ ಅದೂ ಅಣಬೆಯದೇ ಬೇರು ಜಾಲ. ಇವೆರಡನ್ನೂ ಬೂಷ್ಟು ಅಂತ ತಿಳಿದು ಜಗಳ ಆಡಿದವರನ್ನು ನೋಡಿದ್ದೇನೆ. ಹಸಿರು, ಕಪ್ಪು ಬಣ್ಣ ಕಂಡರೆ ಅದು ಬೂಷ್ಟು.

ಮೂಸಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಒಳ್ಳೆಯ ಅಣಬೆಗೆ ಮಳೆ ಬಿದ್ದ ಮಣ್ಣಿನ ಥರದ ಸಣ್ಣ ವಾಸನೆ ಇರುತ್ತದೆ. ಮೀನಿನ ವಾಸನೆ, ಹುಳಿ ವಾಸನೆ, ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಬೇರೆ ಪರೀಕ್ಷೆ ಬೇಡ.

ಅಂಗಡಿಯಿಂದ ಫ್ರಿಜ್‌ವರೆಗೆ

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲ್ ಟೇಬಲ್ ಮೇಲಿಟ್ಟರೆ ಬೆವರುತ್ತದಲ್ಲ, ತಣ್ಣನೆಯ ಅಣಬೆಯೂ ಹಾಗೇ ಬೆವರುತ್ತದೆ. ಅಂಗಡಿಯ ಕೂಲರ್‌ನಿಂದ ತೆಗೆದ ಪ್ಯಾಕೆಟ್ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಗಂಟೆ ಕಾರಿನಲ್ಲಿ ಕುಳಿತರೆ ಮನೆ ಸೇರುವಾಗ ಮೈಯೆಲ್ಲ ನೀರು. ಅದನ್ನು ಹಾಗೇ ಫ್ರಿಜ್‌ಗೆ ತುರುಕಿದರೆ ತೊಳೆದಿಟ್ಟಷ್ಟೇ ಆಯಿತು. ಆದ್ದರಿಂದ ಅಣಬೆಯನ್ನು ಕೊನೆಯಲ್ಲಿ ಕೊಳ್ಳಿ, ಬೇಗ ಮನೆಗೆ ಬನ್ನಿ. ತಡವಾಗುವ ದಿನ ಹಾಲಿನ ಪ್ಯಾಕೆಟ್ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ, ಅದರ ತಂಪಿಗೂ ಬೆವರುತ್ತದೆ. ಬಟ್ಟೆ ಚೀಲದಲ್ಲಿ ಮೇಲ್ಗಡೆ, ಯಾವುದರ ಭಾರವೂ ಬೀಳದ ಹಾಗೆ ಇಟ್ಟುಕೊಳ್ಳಿ.

ಇದೇ ಕಾರಣಕ್ಕೆ ಇನ್ನೊಂದು ಅಭ್ಯಾಸ ಬಿಡಬೇಕು. ಅಡುಗೆಗೆ ನಾಲ್ಕು ಅಣಬೆ ಬೇಕು ಅಂತ ಇಡೀ ಡಬ್ಬಿ ಹೊರಗೆ ತೆಗೆದು ಕಟ್ಟೆ ಮೇಲಿಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ಒಳಗಿಡುತ್ತೇವೆ. ಪ್ರತಿ ಸಲವೂ ಉಳಿದ ಅಣಬೆ ಒಮ್ಮೆ ಬೆವರುತ್ತದೆ. ಬೇಕಾದಷ್ಟು ತೆಗೆದುಕೊಂಡು ಡಬ್ಬಿಯನ್ನು ಕೂಡಲೇ ಒಳಗಿಡಿ.

ಇಡುವ ರೀತಿ

ಬಟನ್ ಪ್ಯಾಕೆಟ್‌ನ ಪ್ಲಾಸ್ಟಿಕ್ ಹಾಳೆಯನ್ನು ಪೂರ್ತಿ ಕಿತ್ತುಹಾಕಿ. ಅಣಬೆಗಳನ್ನು ಒಣ ಕಾಟನ್ ಬಟ್ಟೆಯ ಮೇಲೆ ಹರಡಿ. ಬೆವರಿದ್ದರೆ ಫ್ಯಾನ್ ಕೆಳಗೆ ಹತ್ತು ಹದಿನೈದು ನಿಮಿಷ ಸಾಕು, ಮೈ ಆರುತ್ತದೆ. ಜಜ್ಜಿದ್ದು, ಒದ್ದೆಯಾಗಿ ಕಂದಾದದ್ದು ಇದ್ದರೆ ಬೇರೆ ತೆಗೆದು ಅವತ್ತೇ ಬಳಸಿ. ದಂಟು ಕತ್ತರಿಸಬೇಡಿ. ಕತ್ತರಿಸಿದ ಕಡೆಯಿಂದ ನೀರು ಒಸರುತ್ತದೆ, ಬೇಗ ಕಂದಾಗುತ್ತದೆ.

ಅಗಲವಾದ ಸ್ಟೀಲ್ ಡಬ್ಬಿಯ ತಳಕ್ಕೆ ಒಣ ಬಟ್ಟೆ ಹಾಸಿ. ಹಳೆಯ ಪಂಚೆಯ ತುಂಡು ಇದಕ್ಕೆ ಬಹಳ ಒಳ್ಳೆಯದು, ನೀರು ಚೆನ್ನಾಗಿ ಹೀರುತ್ತದೆ. ಅದರ ಮೇಲೆ ಅಣಬೆಯನ್ನು ದಂಟು ಮೇಲೆ ಬರುವಂತೆ ಒಂದೇ ಸಾಲಿನಲ್ಲಿ, ಜಾಗ ಸಾಲದಿದ್ದರೆ ಎರಡು ಸಾಲಿನಲ್ಲಿ ಜೋಡಿಸಿ. ಮೇಲೆ ಇನ್ನೊಂದು ಬಟ್ಟೆ ಸಡಿಲವಾಗಿ ಹೊದಿಸಿ. ಮುಚ್ಚಳ ಹಾಕಬೇಡಿ, ಹಾಕಲೇಬೇಕು ಅಂದರೆ ಓರೆಯಾಗಿ ಇಡಿ. ದಪ್ಪ ಕಂದು ಕಾಗದದ ಚೀಲ ಇದ್ದರೆ ಅದೂ ಆಗುತ್ತದೆ, ಬಾಯಿ ಒಂದು ಸಲ ಮಡಚಿದರೆ ಸಾಕು. ನ್ಯೂಸ್‌ಪೇಪರ್ ಮಾತ್ರ ಬೇಡ. ಅದರ ಶಾಯಿ ಆಹಾರಕ್ಕೆ ಸೇರುತ್ತದೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ. ಒದ್ದೆ ಅಣಬೆಗೆ ತಾಗಿದರೆ ಇನ್ನೂ ಬೇಗ ಬಿಡುತ್ತದೆ.

ಫ್ರಿಜ್‌ನಲ್ಲಿ ಮಧ್ಯದ ತಟ್ಟೆ ಇದಕ್ಕೆ ಸರಿಯಾದ ಜಾಗ. ಕೆಳಗಿನ ತರಕಾರಿ ಡ್ರಾಯರ್‌ನಲ್ಲಿ ಕೊತ್ತಂಬರಿ, ಪಾಲಕ್ ಎಲ್ಲ ತೇವ ಬಿಡುತ್ತಿರುತ್ತವೆ. ಸೊಪ್ಪಿಗೆ ಅದು ಒಳ್ಳೆಯದು, ಅಣಬೆಗೆ ಅಲ್ಲ. ಒಂಟಿ ಬಾಗಿಲಿನ ಫ್ರಿಜ್ ಇದ್ದರೆ ಫ್ರೀಜರ್‌ನ ಕೆಳಗಿನ ಟ್ರೇ ಹತ್ತಿರವೂ ಬೇಡ. ಐಸ್ ಕರಗಿದಾಗ ಹನಿ ಬೀಳುತ್ತದೆ, ಇಲ್ಲವೇ ಅಣಬೆಯೇ ಹೆಪ್ಪುಗಟ್ಟಿ ಆಮೇಲೆ ನೀರಾಗುತ್ತದೆ. ಬಾಗಿಲಿನ ಪಕ್ಕವೂ ಬೇಡ, ತೆರೆದಾಗಲೆಲ್ಲ ಬಿಸಿ ಗಾಳಿ ಮೊದಲು ತಾಗುವುದು ಅಲ್ಲಿಗೇ.

ದಿನಕ್ಕೊಮ್ಮೆ ಬಟ್ಟೆ ಮುಟ್ಟಿ ನೋಡಿ. ತಣ್ಣಗಿದ್ದರೆ ಸರಿ, ಒದ್ದೆ ಇದ್ದರೆ ಬದಲಾಯಿಸಿ. ಮಳೆಗಾಲದಲ್ಲಿ ಎರಡನೇ ದಿನವೇ ಬದಲಾಯಿಸಬೇಕಾಗಬಹುದು. ಕರೆಂಟ್ ತುಂಬಾ ಹೊತ್ತು ಹೋಗಿ ಬಂದ ದಿನ ಮರೆಯದೆ ನೋಡಿ. ಹೀಗೆ ಇಟ್ಟರೆ ತಾಜಾ ಬಟನ್ ನಾಲ್ಕರಿಂದ ಆರು ದಿನ ಬರುತ್ತದೆ.

ಈ ಪದ್ಧತಿಗೆ ಒಂದು ಬೆಲೆ ತೆರಬೇಕು. ಅಣಬೆ ಸ್ವಲ್ಪ ಬಾಡುತ್ತದೆ. ಕೊಡೆ ಸುಕ್ಕಾಗಬಹುದು, ತೂಕ ಇಳಿಯಬಹುದು, ಬಣ್ಣ ತಿಳಿ ಕಂದಿಗೆ ತಿರುಗಬಹುದು. ನೋಡಲು ಚೆನ್ನಾಗಿರುವುದಿಲ್ಲ, ಅಡುಗೆಗೆ ಏನೂ ತೊಂದರೆ ಇಲ್ಲ. ನಿಜ ಹೇಳಬೇಕೆಂದರೆ ಚೂರು ಬಾಡಿದ ಅಣಬೆ ಬಾಣಲೆಯಲ್ಲಿ ನೀರು ಕಡಿಮೆ ಬಿಡುತ್ತದೆ, ಬೇಗ ಕೆಂಪಗಾಗುತ್ತದೆ, ರುಚಿಯೂ ಹೆಚ್ಚು. ಬಾಡುವುದಕ್ಕೂ ಲೋಳೆಯಾಗುವುದಕ್ಕೂ ಮಧ್ಯೆ ಆರಿಸಿಕೊಳ್ಳಬೇಕಾದರೆ ಬಾಡುವುದನ್ನೇ ಆರಿಸಿಕೊಳ್ಳಿ.

ಆಯ್‌ಸ್ಟರ್‌ಗೂ ಇದೇ ವ್ಯವಸ್ಥೆ, ಆದರೆ ಬೇರೆ ಡಬ್ಬಿ. ಗೊಂಚಲನ್ನು ಬಿಡಿಸಬೇಡಿ, ಮಡಿಕೆಗಳು ಕೆಳಗಾಗಿ ಇಡಿ, ಒಂದರ ಮೇಲೊಂದು ಒತ್ತಬೇಡಿ. ಎರಡು ದಿನ, ಹೆಚ್ಚೆಂದರೆ ಮೂರು ದಿನ. ಅದಕ್ಕಿಂತ ಇಡುವ ಆಸೆ ಬೇಡ. ಕೊಡೆ ತೆಳು, ಮಡಿಕೆ ಜಾಸ್ತಿ, ಒದ್ದೆ ನಿಲ್ಲಲು ಜಾಗ ಜಾಸ್ತಿ.

ಹಾಗಾದರೆ ಅಂಗಡಿಯವರು ಯಾಕೆ ಪ್ಲಾಸ್ಟಿಕ್ ಸುತ್ತುತ್ತಾರೆ ಅನ್ನಬಹುದು. ಅವರಿಗೆ ತೂಕ ಇಳಿಯಬಾರದು, ಅಣಬೆ ಬಾಡಿದಂತೆ ಕಾಣಬಾರದು. ಸರಿಯಾದ ಪ್ಯಾಕೆಟ್‌ನ ಹಾಳೆಯಲ್ಲಿ ಸಣ್ಣ ತೂತುಗಳಿರುತ್ತವೆ. ಅದು ತೇವ ಹೋಗಲಿ ಅಂತ ಮಾತ್ರವಲ್ಲ. ಗಾಳಿಯಾಡದ ಪ್ಯಾಕೆಟ್‌ನಲ್ಲಿ ಅಣಬೆ ತನ್ನ ಉಸಿರಾಟದಿಂದಲೇ ಆಮ್ಲಜನಕ ಮುಗಿಸಿಬಿಡುತ್ತದೆ. ಅಂಥ ಪ್ಯಾಕೆಟ್ ಬಿಸಿಯಲ್ಲಿ ಉಳಿದರೆ ಬಾಟ್ಯುಲಿಸಂ ಎಂಬ ಅಪಾಯಕಾರಿ ವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಾಗುತ್ತದೆ. ಅದು ವಾಸನೆ, ಲೋಳೆ ಇಲ್ಲದೆಯೂ ವಿಷ ಮಾಡಬಲ್ಲದು. ಹಸಿ ಅಣಬೆಯನ್ನು ವ್ಯಾಕ್ಯೂಂ ಮಾಡಿ ಅಥವಾ ಜಿಪ್ ಚೀಲದಲ್ಲಿ ಗಾಳಿ ತೆಗೆದು ಇಡಬೇಡಿ ಅನ್ನುವುದು ಇದಕ್ಕೇ.

ತೊಳೆಯುವುದು

ತೊಳೆಯಿರಿ, ಒಲೆ ಹಚ್ಚುವ ಮುಂಚೆ. ಅಣಬೆ ನೀರು ಕುಡಿದುಬಿಡುತ್ತದೆ, ತೊಳೆಯಲೇಬಾರದು ಅನ್ನುವವರಿದ್ದಾರೆ. ಅಷ್ಟು ಹೆದರಬೇಕಿಲ್ಲ. ಇಡೀ ಬಟನ್ ಅಣಬೆ ಕೆಲವು ಕ್ಷಣದಲ್ಲಿ ಹೀರುವ ನೀರು ಅದರಲ್ಲೇ ಇರುವ ನೀರಿನ ಮುಂದೆ ಏನೇನೂ ಅಲ್ಲ. ಹೆಚ್ಚಿದ ಮೇಲೆ ತೊಳೆದರೆ, ಇಲ್ಲವೇ ನೆನೆಸಿಟ್ಟರೆ ಮಾತ್ರ ನೀರು ಹಿಡಿಯುತ್ತದೆ. ಬಟನ್ ಅನ್ನು ಜರಡಿಯಲ್ಲಿ ಹಾಕಿ ನಲ್ಲಿ ಕೆಳಗೆ ಹಿಡಿದು, ಬೆರಳಿನಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಒತ್ತಿ ಒರೆಸಿ. ಬುಡದ ತುದಿ ಕತ್ತರಿಸಿ. ಸಿಪ್ಪೆ ಸುಲಿಯುವ ಅಗತ್ಯ ಇಲ್ಲ.

ಆಯ್‌ಸ್ಟರ್‌ಗೆ ಸಾಮಾನ್ಯವಾಗಿ ನೀರೇ ಬೇಕಿಲ್ಲ. ಅದು ಬೆಳೆಯುವುದು ಚೀಲದ ಹೊರಮೈಯಲ್ಲಿ, ಗಾಳಿಯಲ್ಲಿ. ಬುಡದ ಗಟ್ಟಿ ಭಾಗ ಹುಲ್ಲಿನ ಸಮೇತ ಕತ್ತರಿಸಿ ತೆಗೆಯಿರಿ. ಕೊಡೆಯನ್ನು ತಲೆಕೆಳಗೆ ಹಿಡಿದು ಬೆರಳಿನಿಂದ ತಟ್ಟಿ, ಹುಲ್ಲಿನ ಚೂರು ಉದುರುತ್ತದೆ. ಮಳೆಗಾಲದಲ್ಲಿ ಮಡಿಕೆಗಳೊಳಗೆ ಸಣ್ಣ ನೊಣ, ಹುಳ ಸೇರಿಕೊಂಡಿರಬಹುದು, ಬೆಳಕಿಗೆ ಹಿಡಿದು ನೋಡಿ. ಇದ್ದರೆ ನಿಮ್ಮ ಉಪ್ಪುನೀರು ಆಗ ಕೆಲಸಕ್ಕೆ ಬರುತ್ತದೆ. ಒಂದೆರಡು ನಿಮಿಷ ಅದ್ದಿ, ಒಮ್ಮೆ ಜಾಲಿಸಿ, ಬಟ್ಟೆಯಲ್ಲಿಟ್ಟು ಅಂಗೈಯಿಂದ ಒತ್ತಿ ನೀರು ತೆಗೆದು, ನೇರ ಬಾಣಲೆಗೆ ಹಾಕಿ.

ಬೆವರೋ, ಲೋಳೆಯೋ?

ಎಲ್ಲ ಒದ್ದೆಯೂ ಲೋಳೆಯಲ್ಲ, ಎಲ್ಲ ಕಂದೂ ಕೊಳೆತದ್ದಲ್ಲ. ಒಂದು ಅಣಬೆ ತೆಗೆದು ಬಟ್ಟೆಯಿಂದ ಒರೆಸಿ. ಒರೆಸಿದ ಜಾಗ ಒಣಗಿ, ಗಟ್ಟಿಯಾಗಿ, ಮಾಮೂಲಿನಂತೆ ಕಂಡರೆ ಅದು ಬೆವರು. ಆರಿಸಿ, ಅವತ್ತೇ ಅಡುಗೆ ಮಾಡಿ. ಒರೆಸಿದರೂ ಬೆರಳು ಜಾರುತ್ತಿದ್ದರೆ, ಮೈಯೇ ಬಟ್ಟೆಗೆ ಅಂಟಿ ಬಂದರೆ, ಒತ್ತಿದಾಗ ಗುಳಿ ಬಿದ್ದು ಹಾಗೇ ಉಳಿದರೆ ಅದು ಲೋಳೆ.

ಕಂದು ಬಣ್ಣದಲ್ಲೂ ಎರಡು ಬಗೆ. ಬೆರಳು ತಾಗಿದ ಕಡೆ, ಕತ್ತರಿಸಿದ ಕಡೆ ಒಣಗಿದಂತೆ ಕಂದಾಗುವುದು ಅಣಬೆಯ ಕಿಣ್ವದ ಕೆಲಸ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಅದೇ ರೀತಿ. ಅದನ್ನು ತಿನ್ನಬಹುದು. ಸ್ವಲ್ಪ ತಗ್ಗಿ, ಒದ್ದೆಯಾಗಿ, ದಿನದಿಂದ ದಿನಕ್ಕೆ ಹರಡುವ ಹಳದಿ ಕಂದು ಕಲೆ ಬ್ಯಾಕ್ಟೀರಿಯಾದ್ದು. ಒಂದೆರಡು ಅಣಬೆಯಲ್ಲಿ ಮಾತ್ರ ಇದ್ದು, ಅಂಟು ಇಲ್ಲದಿದ್ದರೆ ಅವನ್ನು ಎಸೆದು ಉಳಿದದ್ದನ್ನು ಅವತ್ತೇ ಬೇಯಿಸಿ. ಡಬ್ಬಿಯ ಬಹುಪಾಲು ಹಾಗಿದ್ದರೆ ಎಲ್ಲವನ್ನೂ ಬಿಡಿ. ತೊಳೆದರೆ ಮೇಲಿನ ಅಂಟು ಹೋಗುತ್ತದೆ, ಒಳಗೆ ಕೊಳೆಯಲು ಶುರುವಾದದ್ದು ಹೋಗುವುದಿಲ್ಲ. ಬೇಯಿಸಿದರೂ ವಾಸನೆ ಉಳಿಯುತ್ತದೆ, ಕೆಲವು ವಿಷಗಳು ಕುದಿಸಿದರೂ ಉಳಿಯುತ್ತವೆ.

ನಿಮ್ಮ ಶನಿವಾರದ ಮೂರು ಪ್ಯಾಕೆಟ್

ಇನ್ನೊಂದು ಸಲ ಅದೇ ಮೂರು ಪ್ಯಾಕೆಟ್, 200 ಗ್ರಾಂನವು ಅಂದುಕೊಳ್ಳೋಣ, ತಂದರೆ ನಾನಾದರೆ ಹೀಗೆ ಮಾಡುತ್ತೇನೆ. ಆಯ್‌ಸ್ಟರ್ ಭಾನುವಾರ ಮಧ್ಯಾಹ್ನಕ್ಕೇ ಮುಗಿಯಬೇಕು. ಈರುಳ್ಳಿ, ಮೆಣಸು ಹಾಕಿ ಪಲ್ಯವೋ, ಅಕ್ಕಿ ರೊಟ್ಟಿಗೆ ಗೊಜ್ಜೋ, ಏನಾದರೂ ಮಾಡಿ. ಬಟನ್ ಎರಡನ್ನೂ ಬಿಚ್ಚಿ ಆರಿಸಿ, ಮೇಲೆ ಹೇಳಿದ ಹಾಗೆ ಒಂದು ಅಗಲ ಡಬ್ಬಿಯಲ್ಲಿ ಇಡಿ. ಜಜ್ಜಿದ್ದು ಅವತ್ತೇ ರಾತ್ರಿಯ ಅಡುಗೆಗೆ, ಪೊರೆ ಹರಿದದ್ದು ಸೋಮವಾರದ ಸಾರಿಗೆ. ಬಿಗಿಯಾಗಿ ಮುಚ್ಚಿದ ಎಳೆಯವು ಬುಧವಾರದವರೆಗೆ ನೆಮ್ಮದಿಯಾಗಿ ಇರುತ್ತವೆ.

ಮಂಗಳವಾರ ರಾತ್ರಿ ನೋಡಿದಾಗ, ನಾಳೆ ಮಾಡಲು ಆಗುವುದಿಲ್ಲ ಅಂತ ಅನಿಸಿದರೆ ಹಸಿಯಾಗಿ ಇನ್ನೂ ಇಡಬೇಡಿ. ಹೆಚ್ಚಿ, ಚೆನ್ನಾಗಿ ಕಾದ ಬಾಣಲೆಗೆ ಎಣ್ಣೆ ಇಲ್ಲದೆ ಹಾಕಿ. ಬಾಣಲೆ ತುಂಬಿಸಬೇಡಿ, ಉಪ್ಪು ಹಾಕಬೇಡಿ. ಮೊದಲು ನೀರು ಬಿಡುತ್ತದೆ, ಜೋರು ಉರಿಯಲ್ಲಿ ಆ ನೀರೆಲ್ಲ ಇಂಗಿ ಚುರ್ ಅನ್ನುವ ಸದ್ದು ಬಂದಾಗ ಇಳಿಸಿ. 200 ಗ್ರಾಂ ಅಣಬೆ ಒಂದು ಸಣ್ಣ ಬಟ್ಟಲಿಗೆ ಇಳಿದಿರುತ್ತದೆ. ತಣ್ಣಗಾದ ಕೂಡಲೇ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ, ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಬಳಸಬಹುದು. ಈಗ ಏರ್‌ಟೈಟ್ ಡಬ್ಬಿ ಬಳಸಿ, ಅಡ್ಡಿಯಿಲ್ಲ. ಬೆಂದ ಅಣಬೆ ಉಸಿರಾಡುವುದಿಲ್ಲ. ಹಸಿ ಅಣಬೆಯನ್ನು ಹಾಗೇ ಫ್ರೀಜರ್‌ಗೆ ಹಾಕಿದರೆ ಕರಗಿದಾಗ ಸ್ಪಂಜಿನಂತಾಗಿ ನೀರು ಸುರಿಸುತ್ತದೆ, ಅದು ಬೇಡ.

ಆಯ್‌ಸ್ಟರ್ ಜಾಸ್ತಿ ಸಿಕ್ಕರೆ ಒಣಗಿಸಿ. ಬಟನ್‌ಗಿಂತ ಅದು ಚೆನ್ನಾಗಿ ಒಣಗುತ್ತದೆ. ತೊಳೆಯದೆ, ಬೆರಳಗಲದ ಸೀಳು ಮಾಡಿ, ತೆಳು ಬಟ್ಟೆ ಹೊದಿಸಿ ತಾರಸಿಯ ಬಿಸಿಲಿನಲ್ಲಿ ಹರಡಿ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಎರಡು ದಿನ ಸಾಕಾಗುತ್ತದೆ. ಸಂಜೆ ಒಳಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ರಾತ್ರಿಯ ತೇವ ಹಿಡಿಯುತ್ತದೆ. ಜುಲೈನ ಜಡಿಮಳೆಯಲ್ಲಿ ಈ ಸಾಹಸ ಬೇಡ, ಒಣಗುವ ಮುಂಚೆ ಬೂಷ್ಟು ಬರುತ್ತದೆ. ಮಡಚಿದರೆ ಬಾಗದೆ ಪಟ್ ಅಂತ ಮುರಿಯಬೇಕು, ಆಗ ಒಣಗಿದೆ ಎಂದರ್ಥ. ಒಂದು ಕೆ.ಜಿ. ಹಸಿ ಅಣಬೆಗೆ ಹೆಚ್ಚುಕಡಿಮೆ ನೂರು ಗ್ರಾಂ ಒಣ ಅಣಬೆ ಸಿಗುತ್ತದೆ. ಅದನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಇಡಿ, ಬೇಕಾದಾಗ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ ಹಿಂಡಿಕೊಳ್ಳಿ. ನೆನೆಸಿದ ನೀರನ್ನು ಚೆಲ್ಲಬೇಡಿ, ಸೋಸಿ ಸಾರಿಗೆ ಹಾಕಿ.